ಮೇ ತಿಂಗಳ ಗುಡ್ಡ, ಅಕ್ಟೋಬರಿನ ಗುಡ್ಡ: ಮುಲುಂಡಿನ ಹಸಿರನ್ನು ಆಕಾಶದಿಂದ ಓದಿದ ಚರಿತ್ರೆ

ಮುಲುಂಡ್ ಎರಡು ಹಸಿರುಗಳ ನಡುವೆ ಬೆಳೆದ ಊರು. ಪಶ್ಚಿಮಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಸಾಲು. ಅದರ ಒಡಲಲ್ಲಿ 1860ರಲ್ಲಿ ಮುಗಿದ ವಿಹಾರ ಕೆರೆ, 1879ರಲ್ಲಿ ಮುಗಿದ ತುಳಸಿ ಕೆರೆ. ಪೂರ್ವಕ್ಕೆ ಥಾಣೆ ಖಾಡಿ, ಅದರ ಅಂಚಿನಲ್ಲಿ ಕಾಂಡ್ಲಾ ವನ, ಉಪ್ಪಿನ ಆಗರಗಳು. ಇವೆರಡರ ನಡುವಣ ಬಯಲಿನಲ್ಲಿ 1853ರ ರೈಲು ಹಳಿ ಹಾಯಿತು. 1920ರ ದಶಕದಲ್ಲಿ ಅಳತೆ ಹಿಡಿದು ರಸ್ತೆಗಳನ್ನು ಎಳೆದರು. ಆಮೇಲೆ ಚಾಳುಗಳು, ಕಾರ್ಖಾನೆಗಳು, ಈಗ ಬಹುಮಹಡಿಗಳು ಬಂದವು. ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಬಂದ ನಮ್ಮ ಹಿರಿಯರಿಗೆ ಈ ಗುಡ್ಡ ಅಪರಿಚಿತವೆನಿಸಿರಲಾರದು. ಆಷಾಢದಲ್ಲಿ ಕಣ್ಣು ಕೋರೈಸುವ ಹಸಿರು, ಮಾರ್ಗಶಿರಕ್ಕೆ ಒಣಗಿದ ಹುಲ್ಲು, ಮಾಘದಲ್ಲಿ ಎಲೆ ಕಳಚಿದ ಮರ, ಚೈತ್ರಕ್ಕೆ ಮತ್ತೆ ಚಿಗುರು: ಊರಿನ ಪದವು, ಗುಡ್ಡಗಳ ನಡೆಯೇ ಇಲ್ಲಿಯದೂ ಆಗಿತ್ತು.

ಈ ಗುಡ್ಡದ ಹಸಿರು ಉಳಿದಿದೆಯೇ, ಕರಗಿದೆಯೇ ಎಂಬುದು ಮುಲುಂಡಿನಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ. ಉತ್ತರಕ್ಕಾಗಿ ಇಂದು ಅನೇಕರು ಉಪಗ್ರಹ ಚಿತ್ರಗಳ ಮೊರೆಹೋಗುತ್ತಾರೆ. ಹಳೆಯ ಚಿತ್ರವೊಂದು, ಹೊಸ ಚಿತ್ರವೊಂದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ‘ಇಷ್ಟು ಕಾಡು ಹೋಯಿತು’ ಎನ್ನುವ ಲೇಖನಗಳನ್ನು ನಾವೆಲ್ಲರೂ ಓದಿದ್ದೇವೆ. ಆ ಚಿತ್ರಗಳ ಹಿಂದೆ ಸಾಮಾನ್ಯವಾಗಿ ಒಂದು ಅಂಕಿ ಇರುತ್ತದೆ: ಎನ್‌ಡಿವಿಐ, ನಮ್ಮ ಮಾತಿನಲ್ಲಿ ಹಸಿರು ಸೂಚ್ಯಂಕ. ಈ ಸೂಚ್ಯಂಕ ಹುಟ್ಟಿದ್ದು ಕಾಡು ಎಷ್ಟಿದೆ ಎಂದು ಅಳೆಯುವುದಕ್ಕಲ್ಲ, ಋತು ಎಲ್ಲಿಗೆ ಬಂದಿದೆ ಎಂದು ತಿಳಿಯುವುದಕ್ಕೆ. ಆ ಹುಟ್ಟನ್ನು ಮರೆತು ಚಿತ್ರವನ್ನು ಓದಿದರೆ ಋತುವಿನ ಬದಲಾವಣೆಯೇ ಕಾಡಿನ ನಾಶವಾಗಿ ಕಾಣುತ್ತದೆ. ಕೆಲವೊಮ್ಮೆ ನಿಜವಾದ ನಾಶ ಹಸಿರಾಗಿಯೇ ಕಾಣುತ್ತದೆ. ಅದರ ಚರಿತ್ರೆಯನ್ನೂ, ಮುಲುಂಡಿನಂಥ ಜಾಗದಲ್ಲಿ ಅದನ್ನು ಓದುವ ಕ್ರಮವನ್ನೂ ಇಲ್ಲಿ ನೋಡೋಣ.

ಹಸಿರಿನ ಅಲೆಯನ್ನು ಹಿಂಬಾಲಿಸಿದವರು

1972ರ ಜುಲೈ 23ರಂದು ಅಮೆರಿಕವು ಭೂಮಿಯ ನೆಲವನ್ನೇ ನೋಡುವುದಕ್ಕೆಂದು ಒಂದು ಉಪಗ್ರಹವನ್ನು ಹಾರಿಸಿತು. ಮುಂದೆ ಅದಕ್ಕೆ ಲ್ಯಾಂಡ್‌ಸ್ಯಾಟ್-1 ಎಂಬ ಹೆಸರಾಯಿತು. ಹದಿನೆಂಟು ದಿನಗಳಿಗೊಮ್ಮೆ ಅದು ಅದೇ ಜಾಗದ ಮೇಲೆ ಹಾಯುತ್ತಿತ್ತು, ನೆಲವನ್ನು ಸುಮಾರು 80 ಮೀಟರಿನ ತುಂಡುಗಳಾಗಿ ನೋಡುತ್ತಿತ್ತು. ನಾಲ್ಕು ಬಗೆಯ ಬೆಳಕನ್ನು ಅದು ಬೇರೆಬೇರೆಯಾಗಿ ಅಳೆಯುತ್ತಿತ್ತು. ಅವುಗಳಲ್ಲಿ ಎರಡು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು.

ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಜಾನ್ ರೌಸ್, ರಾಬರ್ಟ್ ಹಾಸ್, ಜಾನ್ ಶೆಲ್, ಡೊನಾಲ್ಡ್ ಡೀರಿಂಗ್ ಇವರ ತಂಡ ಈ ಉಪಗ್ರಹದ ಮುಂದೆ ಒಂದು ಸರಳ ಪ್ರಶ್ನೆಯನ್ನಿಟ್ಟಿತು. ಅಮೆರಿಕದ ನಡುವಣ ಮಹಾಬಯಲಿನಲ್ಲಿ ವಸಂತ ಬಂದಾಗ ಹುಲ್ಲು ಮೊದಲು ದಕ್ಷಿಣದ ಟೆಕ್ಸಾಸಿನಲ್ಲಿ ಚಿಗುರುತ್ತದೆ; ಆ ಚಿಗುರು ವಾರವಾರಕ್ಕೂ ಉತ್ತರಕ್ಕೆ ಸರಿಯುತ್ತಾ ಹೋಗುತ್ತದೆ; ಶರತ್ಕಾಲದಲ್ಲಿ ಒಣಗುವಿಕೆ ಹಿಮ್ಮುಖವಾಗಿ ಇಳಿಯುತ್ತದೆ. ಇದನ್ನು ಅವರು ‘ಹಸಿರಿನ ಅಲೆ’ ಎಂದು ಕರೆದರು. ಈ ಅಲೆಯನ್ನು ಮೇಲಿನಿಂದ ಹಿಂಬಾಲಿಸಲು ಸಾಧ್ಯವೇ ಎಂಬುದು ಪ್ರಶ್ನೆ. ದನ ಮೇಯಿಸುವವರಿಗೆ ಹುಲ್ಲು ಎಲ್ಲಿ, ಯಾವಾಗ ಎಷ್ಟಿದೆ ಎಂದು ತಿಳಿಯುವುದು ಅದರ ಪ್ರಯೋಜನ.

ಅವರಿಗೆ ಎದುರಾದ ತೊಡಕು ಸೂರ್ಯನದು. ದಕ್ಷಿಣದಲ್ಲಿ ಸೂರ್ಯ ಎತ್ತರದಲ್ಲಿರುತ್ತಾನೆ, ಉತ್ತರದಲ್ಲಿ ಓರೆಯಾಗಿರುತ್ತಾನೆ. ಒಂದೇ ಬಗೆಯ ಹುಲ್ಲು ಒಂದು ಕಡೆ ಪ್ರಕಾಶವಾಗಿಯೂ ಇನ್ನೊಂದು ಕಡೆ ಮಂಕಾಗಿಯೂ ಕಾಣುತ್ತದೆ. ಈ ಬೆಳಕಿನ ವ್ಯತ್ಯಾಸವನ್ನು ತೊಡೆದು ಹುಲ್ಲಿನ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳಲು ಅವರು ಎರಡು ಬೆಳಕುಗಳ ಅಂತರವನ್ನು ಅವುಗಳ ಮೊತ್ತದಿಂದ ಭಾಗಿಸಿದರು. 1973ರ ಕೊನೆಯಲ್ಲಿ ಸಭೆಯೊಂದರಲ್ಲಿ ಅದನ್ನು ಮಂಡಿಸಿದರು. ಆ ಸೂತ್ರ ಇಂದಿಗೂ ಬದಲಾಗಿಲ್ಲ:

```
NDVI = (NIR - Red) / (NIR + Red)
```

ಇಲ್ಲಿ ಮೊದಲನೆಯದು ಅವಕೆಂಪು ಬೆಳಕಿನ ಪ್ರತಿಫಲನ, ಎರಡನೆಯದು ಕೆಂಪು ಬೆಳಕಿನ ಪ್ರತಿಫಲನ. ಎಲೆಯೊಳಗಿನ ಪತ್ರಹರಿತ್ತು ಕೆಂಪು ಬೆಳಕನ್ನು ಆಹಾರ ತಯಾರಿಸಲು ಹೀರಿಕೊಳ್ಳುತ್ತದೆ. ಎಲೆಯ ಒಳಗಿನ ಜೀವಕೋಶಗಳ ರಚನೆ ಅವಕೆಂಪನ್ನು ಚದುರಿಸಿ ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ತುಂಬಿದ ಎಲೆಗಳಿರುವಲ್ಲಿ ಕೆಂಪು ಕಡಿಮೆ, ಅವಕೆಂಪು ಹೆಚ್ಚು. ಮಣ್ಣು, ಕಲ್ಲು, ಕಾಂಕ್ರೀಟುಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ. ನೀರಿನಲ್ಲಿ ಅವಕೆಂಪು ಬಹುಮಟ್ಟಿಗೆ ಮುಳುಗಿಹೋಗುತ್ತದೆ, ಉತ್ತರ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಲೆಕ್ಕ ಸ್ಪಷ್ಟವಾಗಲೆಂದು ಕೆಲವು ಅಂಕಿಗಳನ್ನು ನಾವೇ ಆರಿಸಿಕೊಳ್ಳೋಣ. ಮಳೆ ಮುಗಿದ ಮೇಲಿನ ಒಂದು ಗುಡ್ಡದಿಳಿಜಾರು ತನ್ನ ಮೇಲೆ ಬಿದ್ದ ಕೆಂಪು ಬೆಳಕಿನಲ್ಲಿ ನೂರಕ್ಕೆ 4, ಅವಕೆಂಪಿನಲ್ಲಿ ನೂರಕ್ಕೆ 36 ಪಾಲು ಹಿಂದಿರುಗಿಸುತ್ತದೆ ಎನ್ನೋಣ. ಅಂತರ 32, ಮೊತ್ತ 40, ಸೂಚ್ಯಂಕ 0.80. ಅದೇ ಇಳಿಜಾರಿನ ಮೇಲೆ ನೆರಳು ಬಿದ್ದು ಎರಡೂ ಅರ್ಧಕ್ಕಿಳಿದು 2 ಮತ್ತು 18 ಆದವು ಎಂದುಕೊಂಡರೆ ಅಂತರ 16, ಮೊತ್ತ 20, ಸೂಚ್ಯಂಕ ಮತ್ತೆ 0.80. ಟೆಕ್ಸಾಸಿನವರು ಬಯಸಿದ್ದು ಇದನ್ನೇ. ಇನ್ನು ಮೇ ತಿಂಗಳಲ್ಲಿ ಎಲೆ ಉದುರಿ ಒಣ ಹುಲ್ಲು, ಕೊಂಬೆ, ಕಲ್ಲುಗಳು ಕಾಣುವಾಗ ಕೆಂಪು 12, ಅವಕೆಂಪು 24 ಆಯಿತೆನ್ನೋಣ. ಅಂತರ 12, ಮೊತ್ತ 36, ಸೂಚ್ಯಂಕ 0.33. ಒಂದು ಮರವನ್ನೂ ಯಾರೂ ಕಡಿದಿಲ್ಲ. ಅಂಕಿ ಅರ್ಧಕ್ಕಿಂತ ಕೆಳಗಿಳಿದಿದೆ.

ಕಡಲಾಚೆಯ ಅಳತೆ ನಮ್ಮ ನೆಲಕ್ಕೆ ಬಂದುದು

ನಮ್ಮ ದೇಶದಲ್ಲಿ ಅವಕೆಂಪಿನ ಕಣ್ಣಿನಿಂದ ಗಿಡಮರಗಳನ್ನು ನೋಡುವ ಕೆಲಸ ತೆಂಗಿನ ತೋಟದಲ್ಲಿ ಶುರುವಾಯಿತು ಎಂಬುದು ಕರಾವಳಿಯವರಾದ ನಮಗೆ ಆಪ್ತವಾದ ಸಂಗತಿ. 1970ರ ಸುಮಾರಿಗೆ ಅಹಮದಾಬಾದಿನ ಭೌತವಿಜ್ಞಾನಿ ಪಿ. ಆರ್. ಪಿಷಾರೋಟಿಯವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನ ಛಾಯಾಚಿತ್ರಗಳನ್ನು ತೆಗೆಯಲಾಯಿತು. ಬೇರು ಸೊರಗು ರೋಗ ತಗಲಿದ ತೆಂಗನ್ನು ಮೇಲಿನಿಂದಲೇ ಗುರುತಿಸಬಹುದೇ ಎಂಬುದು ಆ ಪ್ರಯೋಗದ ಉದ್ದೇಶವಾಗಿತ್ತು. ಭಾರತದ ದೂರಸಂವೇದನೆಯ ಚರಿತ್ರೆ ಅಲ್ಲಿಂದಲೇ ಆರಂಭವಾಗುತ್ತದೆ.

ಅದೇ ಚರಿತ್ರೆಯ ಮುಂದಿನ ಘಟ್ಟದಲ್ಲಿ ನಿಂತವರು ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್. ಅವರು ಇಸ್ರೋದ ಅಧ್ಯಕ್ಷರಾಗಿದ್ದಾಗಲೇ, 1988ರ ಮಾರ್ಚ್ 17ರಂದು, ಭಾರತದ ಮೊದಲ ಪೂರ್ಣ ಕಾರ್ಯಾಚರಣೆಯ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಸೋವಿಯತ್ ರಾಕೆಟ್ಟಿನ ಮೇಲೆ ಬೈಕನೂರಿನಿಂದ ಏರಿತು. ಇಪ್ಪತ್ತೆರಡು ದಿನಗಳಿಗೊಮ್ಮೆ ಅದು ಪ್ರತಿ ಊರಿನ ಮೇಲೆ ಹಾಯುತ್ತಿತ್ತು. ಕೆಂಪು, ಅವಕೆಂಪು ಎರಡೂ ಅದರ ಕಣ್ಣಿಗೆ ಕಾಣುತ್ತಿದ್ದವು. ನಮ್ಮ ಹೊಲ, ಕಾಡುಗಳ ಹಸಿರು ಸೂಚ್ಯಂಕವನ್ನು ನಮ್ಮದೇ ಚಿತ್ರಗಳಿಂದ ತೆಗೆಯಲು ಅದರಿಂದ ಸಾಧ್ಯವಾಯಿತು.

ಆದರೆ ಋತುವನ್ನು ಹಿಂಬಾಲಿಸಲು ಇಪ್ಪತ್ತೆರಡು ದಿನ ಬಹಳ ದೀರ್ಘ. ಆ ಕೊರತೆಯನ್ನು ನೀಗಿಸಿದ್ದು ಹವಾಮಾನಕ್ಕೆಂದು ಹಾರಿಸಿದ ಅಮೆರಿಕದ ನೋವಾ ಉಪಗ್ರಹಗಳು. ಅವು ನೆಲವನ್ನು ಒಂದು ಕಿಲೋಮೀಟರಿನಷ್ಟು ಒರಟು ತುಂಡುಗಳಲ್ಲಿ ನೋಡುತ್ತಿದ್ದವು, ಆದರೆ ದಿನವೂ ನೋಡುತ್ತಿದ್ದವು. ಕಾಂಪ್ಟನ್ ಟಕರ್ ಎಂಬ ನಾಸಾ ವಿಜ್ಞಾನಿ ಕೆಂಪು ಮತ್ತು ಅವಕೆಂಪಿನ ಈ ಸಂಬಂಧವನ್ನು ಹುಲ್ಲಿನ ಅಳತೆಗಳಿಂದ ದೃಢಪಡಿಸಿ 1979ರಲ್ಲಿ ಪ್ರಕಟಿಸಿದ್ದರು. 1980ರ ದಶಕದಲ್ಲಿ ಅವರೂ ಅವರ ಜೊತೆಗಾರರೂ ನೋವಾ ಚಿತ್ರಗಳಿಂದ ಆಫ್ರಿಕಾ ಖಂಡದ ಋತುಚಕ್ರವನ್ನು ಬಿಡಿಸಿದರು. ಅದೇ ದಶಕದ ಕೊನೆಯ ಹೊತ್ತಿಗೆ ಹೈದರಾಬಾದಿನ ದೂರಸಂವೇದನಾ ಸಂಸ್ಥೆ ಅದೇ ಚಿತ್ರಗಳಿಂದ ಮುಂಗಾರಿನ ತಿಂಗಳುಗಳಲ್ಲಿ ಜಿಲ್ಲೆಜಿಲ್ಲೆಯ ಬೆಳೆಯ ಸ್ಥಿತಿಯನ್ನು ನೋಡಿ ಬರಗಾಲದ ಮುನ್ಸೂಚನೆ ಕೊಡುವ ವ್ಯವಸ್ಥೆಯನ್ನು ಕಟ್ಟಿತು. ಅಲ್ಲಿ ಪ್ರಶ್ನೆ ‘ಹಸಿರು ಎಷ್ಟಿದೆ’ ಎಂಬುದಲ್ಲ. ‘ಕಳೆದ ವರ್ಷಗಳ ಇದೇ ಹೊತ್ತಿಗೆ ಹೋಲಿಸಿದರೆ ಎಷ್ಟಿದೆ’ ಎಂಬುದು. ಟೆಕ್ಸಾಸಿನ ಬಯಲಿನಿಂದ ಬಯಲುಸೀಮೆಯ ಬರದವರೆಗೆ ಈ ಅಳತೆ ಕ್ಯಾಲೆಂಡರಿನ ಕೈ ಹಿಡಿದೇ ನಡೆದಿದೆ.

ಮುಲುಂಡಿನ ಒಂದು ವರ್ಷ

ಲ್ಯಾಂಡ್‌ಸ್ಯಾಟಿನ ಸಂಗ್ರಹದಲ್ಲಿ ಮುಂಬಯಿ 148ನೆಯ ಪಥದ 47ನೆಯ ಸಾಲಿನಲ್ಲಿದೆ. 2008ರಲ್ಲಿ ಆ ಸಂಗ್ರಹ ಎಲ್ಲರಿಗೂ ಉಚಿತವಾದ ಮೇಲೆ ಯಾರು ಬೇಕಾದರೂ ಮುಲುಂಡಿನ ಗುಡ್ಡದ ಹಳೆಯ ಚಿತ್ರಗಳನ್ನು ತರಿಸಿಕೊಳ್ಳಬಹುದು. ಇಂದಿನ ಲ್ಯಾಂಡ್‌ಸ್ಯಾಟ್ ನೆಲವನ್ನು 30 ಮೀಟರಿನ ಚೌಕಗಳಲ್ಲಿ ನೋಡುತ್ತದೆ. 2015ರಲ್ಲಿ ಮೊದಲು ಹಾರಿದ ಯುರೋಪಿನ ಸೆಂಟಿನೆಲ್-2 ಸರಣಿ ಕೆಂಪು, ಅವಕೆಂಪುಗಳನ್ನು 10 ಮೀಟರಿನ ಚೌಕಗಳಲ್ಲಿ ನೋಡುತ್ತದೆ. ಜೋಡಿ ಉಪಗ್ರಹಗಳು ಸೇರಿ ಐದು ದಿನಗಳಿಗೊಮ್ಮೆ ಬರುತ್ತವೆ.

ಈ ಚಿತ್ರಗಳನ್ನು ತಿಂಗಳ ಕ್ರಮದಲ್ಲಿ ಜೋಡಿಸಿ ಒಂದೇ ಜಾಗದ ಸೂಚ್ಯಂಕವನ್ನು ಗೆರೆಯಾಗಿ ಎಳೆದರೆ ಆ ಜಾಗದ ಸ್ವಭಾವ ಬಯಲಾಗುತ್ತದೆ. ಮುಲುಂಡಿನ ಆಸುಪಾಸಿನಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಗೆರೆಗಳನ್ನು ನಾವು ಗುರುತಿಸಬಹುದು.

ಮೊದಲನೆಯದು ಗುಡ್ಡದ ಎಲೆ ಉದುರುವ ಕಾಡಿನದು. ಸಾಗುವಾನಿ, ಮತ್ತಿ, ಬೂರುಗ, ಮುತ್ತುಗಗಳ ಈ ಕಾಡು ಮಳೆ ನಿಂತ ಅಕ್ಟೋಬರಿನಲ್ಲಿ ಅತಿ ಎತ್ತರದ ಅಂಕಿಯನ್ನು ತೋರುತ್ತದೆ. ಮಣ್ಣಿನ ತೇವ ಆರಿದಂತೆ ಗೆರೆ ನಿಧಾನವಾಗಿ ಇಳಿಯುತ್ತದೆ. ಮರದ ಬೇರು ಆಳಕ್ಕಿಳಿದಿರುವುದರಿಂದ ಈ ಇಳಿತಕ್ಕೆ ಆತುರವಿಲ್ಲ. ಫೆಬ್ರುವರಿ, ಮಾರ್ಚುಗಳಲ್ಲಿ ಎಲೆಗಳು ಉದುರುತ್ತವೆ. ಬೂರುಗ, ಮುತ್ತುಗಗಳು ಬರಿಯ ಕೊಂಬೆಗಳ ಮೇಲೆ ಕೆಂಪಾಗಿ ಹೂ ಬಿಡುವುದು ಆಗಲೇ. ಆ ಹೂವಿನ ವೈಭವ ಹಸಿರು ಸೂಚ್ಯಂಕದ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಮಳೆಗೆ ಮುಂಚೆಯೇ ಕೆಲವು ಮರಗಳು ಚಿಗುರುತ್ತವೆ. ಕನ್ನಡದ ಕವಿಗಳು ಚೈತ್ರಕ್ಕೂ ಚಿಗುರಿಗೂ ಹಾಕಿದ ಗಂಟು ಈ ಸಂಗತಿಯಿಂದಲೇ ಬಂದದ್ದು: ಹನಿ ಮಳೆಯಿಲ್ಲದ ಉರಿಬಿಸಿಲಿನಲ್ಲಿ ಮರ ತನ್ನ ಒಡಲಿನ ನೀರಿನಿಂದ ಹೊಸ ಎಲೆ ತರುತ್ತದೆ. ಗೆರೆಯಲ್ಲಿ ಅದು ತಗ್ಗಿನಿಂದ ಮೆಲ್ಲನೆ ಏಳುವ ಒಂದು ಸಣ್ಣ ಏರಾಗಿ ಕಾಣಿಸಬಹುದು.

ಎರಡನೆಯದು ಹುಲ್ಲಿನ ಗೆರೆ. ಬೋಳು ಇಳಿಜಾರು, ಬಿಟ್ಟ ನಿವೇಶನ, ಮಣ್ಣು ಮುಚ್ಚಿದ ಕಸದ ದಿಬ್ಬ ಎಲ್ಲವೂ ಜೂನ್ ಎರಡನೆಯ ವಾರದ ಮಳೆ ಬಿದ್ದ ಕೆಲವೇ ವಾರಗಳಲ್ಲಿ ಹಸಿರಾಗುತ್ತವೆ. ಅಕ್ಟೋಬರಿನ ಆರಂಭದಲ್ಲಿ ಈ ಹುಲ್ಲಿನ ಅಂಕಿ ಕಾಡಿನ ಅಂಕಿಯ ಹತ್ತಿರಕ್ಕೆ ಬರುತ್ತದೆ. ಆದರೆ ಹುಲ್ಲಿನ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ; ನವೆಂಬರ್, ಡಿಸೆಂಬರ್ ಹೊತ್ತಿಗೆ ಗೆರೆ ಕಡಿದಾಗಿ ಬೀಳುತ್ತದೆ. ಮೂರನೆಯದು ಖಾಡಿಯಂಚಿನ ಕಾಂಡ್ಲಾ ವನದ್ದು. ಅದು ವರ್ಷವಿಡೀ ಹಸಿರು. ಗೆರೆಯಲ್ಲಿ ಏರಿಳಿತ ಕಡಿಮೆ, ಇರುವ ಚಿಕ್ಕ ಏರುಪೇರಿಗೆ ಉಬ್ಬರವಿಳಿತದ ನೀರೂ ಒಂದು ಕಾರಣ. ನಾಲ್ಕನೆಯದು ಕಾಂಕ್ರೀಟಿನದು: ವರ್ಷವಿಡೀ ಕೆಳಗೆ, ಚಪ್ಪಟೆ.

ಒಂದು ತಾರೀಖಿನ ಅಂಕಿ ಈ ನಾಲ್ವರನ್ನು ಬೇರ್ಪಡಿಸಲಾರದು. ಅಕ್ಟೋಬರಿನ ಒಂದೇ ಚಿತ್ರದಲ್ಲಿ ಹುಲ್ಲು ಕಾಡಿನಂತೆ ತೋರಬಹುದು. ಮೇ ತಿಂಗಳ ಒಂದೇ ಚಿತ್ರದಲ್ಲಿ ಕಾಡು ಬಟ್ಟಬಯಲಿನಂತೆ ತೋರಬಹುದು. ಹುಲ್ಲನ್ನೂ ಮರವನ್ನೂ ಬೇರ್ಪಡಿಸಲು ಡಿಸೆಂಬರಿನ ಚಿತ್ರ ಬೇಕು. ಆಗ ಹುಲ್ಲು ಒಣಗಿರುತ್ತದೆ, ಮರ ಇನ್ನೂ ಎಲೆ ಹೊತ್ತಿರುತ್ತದೆ.

ಹೋಲಿಕೆಯ ಒಂದು ಉದಾಹರಣೆ

ಗುಡ್ಡದ ಮೂರು ಇಳಿಜಾರುಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದನ್ನು ಯಾರೂ ಮುಟ್ಟಿಲ್ಲ. ಎರಡನೆಯದರಲ್ಲಿ ಮರ ಕಡಿದು ನೆಲ ಬಿಟ್ಟಿದ್ದಾರೆ. ಮೂರನೆಯದರಲ್ಲಿ ಕಟ್ಟಡ ಎದ್ದಿದೆ. ನಮ್ಮ ಕೈಯಲ್ಲಿ ಹತ್ತು ವರ್ಷ ಹಿಂದಿನ ಒಂದು ಅಕ್ಟೋಬರಿನ ಚಿತ್ರವೂ ಇತ್ತೀಚಿನ ಒಂದು ಮೇ ತಿಂಗಳ ಚಿತ್ರವೂ ಇವೆ. ಎರಡರ ಅಂತರ ತೆಗೆದರೆ ಮೂರೂ ಇಳಿಜಾರುಗಳು ‘ಹಸಿರು ನಷ್ಟ’ದ ಕೆಂಪು ಬಣ್ಣದಲ್ಲಿ ಕಾಣುತ್ತವೆ. ವರದಿಗಾರನಿಗೆ ಇದು ದೊಡ್ಡ ಸುದ್ದಿ. ಗುಡ್ಡಕ್ಕೆ ಇದು ಪ್ರತಿವರ್ಷದ ಬೇಸಿಗೆ.

ಈಗ ತಿಂಗಳಿಗೆ ತಿಂಗಳನ್ನು ಹೊಂದಿಸೋಣ. ಅಕ್ಟೋಬರಿಗೆ ಅಕ್ಟೋಬರನ್ನು ಹೋಲಿಸಿದರೆ ಮೂರನೆಯ ಇಳಿಜಾರು ಮಾತ್ರ ಕೆಂಪಾಗಿ ಉಳಿಯುತ್ತದೆ. ಕಾಂಕ್ರೀಟು ಮಳೆಗಾಲದಲ್ಲಿಯೂ ಹಸಿರಾಗುವುದಿಲ್ಲ. ಮೊದಲನೆಯದು ಬದಲಾಗಿಲ್ಲ ಎಂದು ತೋರುತ್ತದೆ, ಅದು ಸರಿ. ಎರಡನೆಯದೂ ಬದಲಾಗಿಲ್ಲ ಎಂದು ತೋರುತ್ತದೆ. ಅದು ತಪ್ಪು, ಏಕೆಂದರೆ ಕಡಿದ ಮರಗಳ ಜಾಗವನ್ನು ಹುಲ್ಲು ಮುಚ್ಚಿದೆ. ಡಿಸೆಂಬರಿಗೆ ಡಿಸೆಂಬರನ್ನು ಹೋಲಿಸಿದಾಗ ಎರಡನೆಯದೂ ಸಿಕ್ಕಿಬೀಳುತ್ತದೆ: ಹಿಂದೆ ಆ ತಿಂಗಳಲ್ಲಿ ಎತ್ತರದಲ್ಲಿದ್ದ ಅಂಕಿ ಈಗ ಹುಲ್ಲಿನೊಡನೆ ಕುಸಿದಿದೆ. ಹೀಗೆ ಎರಡು ತಿಂಗಳ ಎರಡು ಹೋಲಿಕೆಗಳು ಸೇರಿ, ಒಂದು ಹೋಲಿಕೆ ಹೇಳಲಾರದ್ದನ್ನು ಹೇಳುತ್ತವೆ.

ಇದೂ ಪೂರ್ಣ ಸುರಕ್ಷಿತವಲ್ಲ. ಒಂದು ವರ್ಷ ಮಳೆ ಬೇಗ ಹಿಂದೆ ಸರಿದಿರುತ್ತದೆ, ಇನ್ನೊಂದು ವರ್ಷ ನವೆಂಬರಿನಲ್ಲಿಯೂ ಸುರಿದಿರುತ್ತದೆ. ಡಿಸೆಂಬರಿನ ಹಸಿರು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಬಲ್ಲವರು ಒಂದು ವರ್ಷಕ್ಕೆ ಒಂದು ವರ್ಷವನ್ನು ಹೋಲಿಸದೆ ನಾಲ್ಕೈದು ಡಿಸೆಂಬರುಗಳ ಗುಂಪಿಗೆ ನಾಲ್ಕೈದು ಡಿಸೆಂಬರುಗಳ ಗುಂಪನ್ನು ಹೋಲಿಸುತ್ತಾರೆ. ಜೊತೆಗೆ ಉದ್ಯಾನದ ಒಳಗಿನ, ಯಾರೂ ಮುಟ್ಟದ ಒಂದು ಇಳಿಜಾರನ್ನು ಸಾಕ್ಷಿಯಾಗಿ ಇಟ್ಟುಕೊಳ್ಳುತ್ತಾರೆ. ಸಾಕ್ಷಿಯ ಇಳಿಜಾರೂ ಅಷ್ಟೇ ಇಳಿದಿದ್ದರೆ ಅದು ಮಳೆಯ ಕೆಲಸ. ಸಾಕ್ಷಿ ನಿಂತಲ್ಲೇ ನಿಂತು ನಮ್ಮ ಇಳಿಜಾರು ಮಾತ್ರ ಕುಸಿದಿದ್ದರೆ ಅದು ಮನುಷ್ಯರ ಕೆಲಸವಾಗಿರುವ ಸಂಭವ ಹೆಚ್ಚು. ಬೇಸಿಗೆಯ ಬೆಂಕಿಯೂ ಅಂಕಿಯನ್ನು ದಿಢೀರನೆ ಬೀಳಿಸುತ್ತದೆ. ಆದರೆ ಬೆಂಕಿ ಹಾಯ್ದ ನೆಲ ಮುಂದಿನ ಮಳೆಗೆ ಮತ್ತೆ ಏಳುತ್ತದೆ, ಕಟ್ಟಡ ಎದ್ದ ನೆಲ ಏಳುವುದಿಲ್ಲ.

ಮೋಡದ ಪರದೆ, ಧೂಳಿನ ಪರದೆ

ಮುಂಬಯಿಯಲ್ಲಿ ಈ ವಿದ್ಯೆಗೆ ಒಂದು ವಿಪರ್ಯಾಸವಿದೆ. ಎರಡು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ನಾಲ್ಕು ತಿಂಗಳಲ್ಲಿ ಗುಡ್ಡ ತುಂಬು ಹಸಿರಾಗಿರುತ್ತದೆ. ಆ ನಾಲ್ಕು ತಿಂಗಳಲ್ಲೇ ಉಪಗ್ರಹಕ್ಕೆ ಗುಡ್ಡ ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಲುಂಡಿನ ಮೇಲೆ ಸ್ವಚ್ಛವಾದ ಲ್ಯಾಂಡ್‌ಸ್ಯಾಟ್ ಚಿತ್ರ ಸಿಗುವುದೇ ಅಪರೂಪ. ನಾವು ಗೆರೆಯ ಶಿಖರ ಎಂದು ಕರೆಯುವ ಅಕ್ಟೋಬರ್ ನಿಜವಾಗಿ ಶಿಖರವಲ್ಲ. ಮೋಡ ಸರಿದ ಮೇಲೆ ಕಣ್ಣಿಗೆ ಬಿದ್ದ ಮೊದಲ ಎತ್ತರ.

ದಿನವೂ ನೋಡುವ ಉಪಗ್ರಹಗಳ ಚಿತ್ರಗಳಲ್ಲಿ ಇದಕ್ಕೆ ಒಂದು ಉಪಾಯ ಮಾಡಿದ್ದಾರೆ. ಹದಿನಾರು ದಿನಗಳ ಎಲ್ಲ ಅಂಕಿಗಳಲ್ಲಿ ಅತಿ ದೊಡ್ಡದರ ಕಡೆಗೆ ಒಲಿದು ಒಂದನ್ನು ಇಟ್ಟುಕೊಳ್ಳುತ್ತಾರೆ, ಏಕೆಂದರೆ ಮೋಡ, ಮಂಜು, ಧೂಳುಗಳು ಅಂಕಿಯನ್ನು ಸಾಮಾನ್ಯವಾಗಿ ಇಳಿಸುತ್ತವೆಯೇ ಹೊರತು ಏರಿಸುವುದಿಲ್ಲ. 2000ದ ಫೆಬ್ರುವರಿಯಿಂದ ದೊರೆಯುವ ಮೋಡಿಸ್ ಸರಣಿ ಈ ಕ್ರಮದ್ದು. ಆದರೆ ಜುಲೈ ತಿಂಗಳ ಹದಿನಾರು ದಿನಗಳೂ ಮೋಡವೇ ಆದರೆ ಅತಿ ದೊಡ್ಡ ಅಂಕಿಯೂ ಮೋಡದ್ದೇ ಆಗಿರುತ್ತದೆ. ಆಗ ಗೆರೆಯಲ್ಲಿ ಒಂದು ವಿಚಿತ್ರ ಗುಂಡಿ ಬೀಳುತ್ತದೆ: ಅತಿ ಹಸಿರಾದ ತಿಂಗಳಲ್ಲಿ ಕಾಡು ಎಲೆ ಉದುರಿಸಿದಂತೆ. ಇದು ಸುಳ್ಳೆಂದು ತಿಳಿಯುವುದು ಕಷ್ಟವಲ್ಲ. ಯಾವ ಮರವೂ ಹದಿನೈದು ದಿನದಲ್ಲಿ ಎಲೆ ಕಳಚಿ ಮುಂದಿನ ಹದಿನೈದು ದಿನದಲ್ಲಿ ಮತ್ತೆ ಹೊದೆಯುವುದಿಲ್ಲ. ಜೊತೆಗೆ ಅದೇ ಗುಂಡಿ ಗುಡ್ಡದ ಕಾಡಿನಲ್ಲೂ ಖಾಡಿಯ ಕಾಂಡ್ಲಾದಲ್ಲೂ ಒಂದೇ ಸಲಕ್ಕೆ ಬಿದ್ದಿದ್ದರೆ ಕಾರಣ ನೆಲದ ಮೇಲಿಲ್ಲ, ಆಕಾಶದಲ್ಲಿದೆ. ಮೋಡಿಸ್‌ನ ಚೌಕ 250 ಮೀಟರಿನದು ಎಂಬುದನ್ನೂ ನೆನಪಿಡಬೇಕು. ಗುಡ್ಡದಂಚಿನ ಅಂಥ ಒಂದೇ ಚೌಕದೊಳಗೆ ಕಾಡು, ವಸತಿ, ರಸ್ತೆ ಮೂರೂ ಸೇರಿ ಒಂದೇ ಅಂಕಿಯಾಗುತ್ತವೆ.

ಚಳಿಗಾಲದ ಹೊಗೆಮಂಜಿನ ಕೆಲಸ ಇನ್ನೂ ಸೂಕ್ಷ್ಮ. ನೆರಳು ಎರಡು ಬೆಳಕನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ, ಆದ್ದರಿಂದ ಭಾಗಾಕಾರದಲ್ಲಿ ಅಳಿದುಹೋಗುತ್ತದೆ. ಹೊಗೆಮಂಜು ತನ್ನದೇ ಬೆಳಕನ್ನು ಸೇರಿಸುತ್ತದೆ, ಅದೂ ಕೆಂಪಿಗೆ ಹೆಚ್ಚು, ಅವಕೆಂಪಿಗೆ ಕಡಿಮೆ. ನಮ್ಮ ಹಿಂದಿನ 4 ಮತ್ತು 36ಕ್ಕೆ ಅದು ಕ್ರಮವಾಗಿ 3 ಮತ್ತು 1 ಸೇರಿಸಿತು ಎನ್ನೋಣ. ಈಗ 7 ಮತ್ತು 37. ಅಂತರ 30, ಮೊತ್ತ 44, ಸೂಚ್ಯಂಕ 0.68. ಎಲೆ ಉದುರಿಲ್ಲ, ಗಾಳಿ ಕೆಟ್ಟಿದೆ. ಗಾಳಿಯ ಪಾಲನ್ನು ಕಳೆದು ತಿದ್ದಿದ ಚಿತ್ರಗಳೇ ಈಗ ಸಿಗುತ್ತವೆ. ಹಳೆಯ ತಿದ್ದದ ಚಿತ್ರವನ್ನು ಹೊಸ ತಿದ್ದಿದ ಚಿತ್ರದೊಡನೆ ಹೋಲಿಸಿದರೆ ಕಾಡು ದಟ್ಟವಾಯಿತೆಂಬ ಸುಳ್ಳು ಸಂತೋಷ ಸಿಗುತ್ತದೆ.

2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಏರಿದ, ಇಸ್ರೋ ಮತ್ತು ನಾಸಾ ಕೂಡಿ ಕಟ್ಟಿದ ನಿಸಾರ್ ಉಪಗ್ರಹದ ರೇಡಾರು ಮೋಡವನ್ನು ತೂರಿ ನೋಡುತ್ತದೆ. ಆದರೆ ರೇಡಾರು ಹಸಿರನ್ನು ಕಾಣುವುದಿಲ್ಲ. ಕಾಂಡ, ಕೊಂಬೆಗಳ ರಚನೆಯನ್ನೂ ತೇವವನ್ನೂ ಕಾಣುತ್ತದೆ. ಮಳೆಗಾಲದ ಆ ನಾಲ್ಕು ತಿಂಗಳ ಕತ್ತಲೆಗೆ ಅದು ಬೇರೆ ಬಗೆಯ ದೀಪ.

ಹಸಿರು ಬೇರೆ, ಅರಣ್ಯ ಬೇರೆ

ಮುಲುಂಡಿನವರಿಗೆ ಈ ಭೇದ ಪುಸ್ತಕದ ಮಾತಲ್ಲ. 1950ರ ದಶಕದಲ್ಲಿ ಗುಡ್ಡದ ತಪ್ಪಲಿನ ಖಾಸಗಿ ಜಮೀನುಗಳ ಒಡೆಯರ ಹೆಸರಿಗೆ ಅರಣ್ಯ ಕಾಯಿದೆಯ ಕೆಳಗೆ ನೋಟಿಸುಗಳು ಹೊರಟಿದ್ದವು. 1975ರಲ್ಲಿ ಖಾಸಗಿ ಅರಣ್ಯಗಳನ್ನು ಸರಕಾರಕ್ಕೆ ಸೇರಿಸುವ ಮಹಾರಾಷ್ಟ್ರದ ಕಾಯಿದೆ ಬಂತು. ಅದಾದ ಮೂರು ದಶಕಗಳ ಮೇಲೆ, ಆ ನೋಟಿಸುಗಳ ಆಧಾರದಿಂದ ಮುಲುಂಡ್, ಭಾಂಡುಪ್, ವಿಕ್ರೋಲಿ ಮುಂತಾದ ಕಡೆಯ ಜಮೀನುಗಳ ದಾಖಲೆಗಳಲ್ಲಿ ‘ಖಾಸಗಿ ಅರಣ್ಯ’ ಎಂಬ ನಮೂದು ಬಿತ್ತು. ಅಷ್ಟರಲ್ಲಿ ಅಲ್ಲಿ ಅನುಮತಿ ಪಡೆದ ಕಟ್ಟಡಗಳು ಎದ್ದು, ಸಾವಿರಾರು ಮಧ್ಯಮವರ್ಗದ ಸಂಸಾರಗಳು ನೆಲೆಸಿಯಾಗಿತ್ತು. 2008ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಸರಕಾರದ ವಾದವನ್ನು ಒಪ್ಪಿತು. 2014ರ ಜನವರಿ 30ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನೋಟಿಸು ಹೊರಡಿಸಿದ ಮಾತ್ರಕ್ಕೆ ಸಾಲದು, ಅದು ಒಡೆಯನಿಗೆ ತಲುಪಿರಬೇಕು. ದಶಕಗಳ ಕಾಲ ಮುಂದುವರಿಸದೆ ಬಿಟ್ಟ ನೋಟಿಸನ್ನು ಹಿಡಿದು ಇಂದು ಜನರ ಮನೆಗಳನ್ನು ಅರಣ್ಯವೆನ್ನಲಾಗದು ಎಂಬುದು ತೀರ್ಪಿನ ಸಾರ.

ಈ ಮೊಕದ್ದಮೆ ಇತ್ಯರ್ಥವಾದದ್ದು ಕಾಗದದ ಮೇಲೆ. ಮುಂಬಯಿಯ ಲ್ಯಾಂಡ್‌ಸ್ಯಾಟ್ ಚಿತ್ರಗಳು 1973ರಿಂದಲೇ ಇವೆ. 1975ರಲ್ಲಿ ಆ ನೆಲದ ಮೇಲೆ ಏನಿತ್ತೆಂದು ಅವನ್ನೇ ಕೇಳಬಹುದಲ್ಲ ಎಂದು ನಮಗೆ ತೋರಬಹುದು. ಕೇಳಬಹುದು, ಆದರೆ ಉತ್ತರದ ಮಿತಿಯನ್ನು ಅರಿತು ಕೇಳಬೇಕು. ಆ ಕಾಲದ ಚಿತ್ರದ ಒಂದು ಚೌಕ ಒಂದೂವರೆ ಎಕರೆಗೂ ಮಿಗಿಲಾದ ನೆಲ. ದೊಡ್ಡ ಇಳಿಜಾರಿನ ಮೇಲೆ ಚಳಿಗಾಲದಲ್ಲಿಯೂ ಎಲೆ ನಿಂತಿತ್ತೇ ಎಂಬುದಕ್ಕೆ ಅದು ಉತ್ತರಿಸೀತು. ಒಂದು ಹೌಸಿಂಗ್ ಸೊಸೈಟಿಯ ನಿವೇಶನದ ಪ್ರಶ್ನೆಗೆ ಉತ್ತರಿಸಲಾರದು. ಎಲೆ ಇತ್ತು ಎಂದರೂ ಅದು ಕಾಡೋ, ಮಾವಿನ ತೋಪೋ, ಲಾಂಟಾನದ ಪೊದೆಯೋ ಎಂದು ಹೇಳಲಾರದು. ಕಾನೂನಿನ ಅರಣ್ಯವಾಗಿತ್ತೇ ಎಂಬುದಂತೂ ಬೆಳಕಿನ ಪ್ರತಿಫಲನದಲ್ಲಿ ಬರೆದಿಲ್ಲ.

ಇನ್ನೊಂದು ದಿಕ್ಕಿನ ಮಿತಿಯೂ ಇದೆ. ಮೇಲಿನ ಹಂದರ ಒಮ್ಮೆ ಮುಚ್ಚಿದ ಮೇಲೆ ಎಲೆಗಳು ಇನ್ನೂ ಹೆಚ್ಚಾದರೂ ಈ ಸೂಚ್ಯಂಕ ಹೆಚ್ಚು ಏರುವುದಿಲ್ಲ; ಕೆಂಪು ಬೆಳಕು ಆಗಲೇ ಬಹುಮಟ್ಟಿಗೆ ಹೀರಿಕೊಂಡಾಗಿರುತ್ತದೆ. ಹಾಗಾಗಿ ಕಾಡಿನ ಒಳಗೆ ಎಳೆಯ ಸಸಿಗಳು ಸತ್ತು, ಪೊದೆಗಳು ಮಾಯವಾಗಿ, ಹಳೆಯ ಮರಗಳು ಮಾತ್ರ ಮೇಲೆ ಕೊಡೆ ಹಿಡಿದು ನಿಂತಿದ್ದರೂ ಅಕ್ಟೋಬರಿನ ಅಂಕಿ ಹಾಗೆಯೇ ಇರುತ್ತದೆ. ನಾಳೆಯ ಕಾಡು ಇಲ್ಲವಾಗಿದೆ ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ಅದನ್ನು ನೆಲದ ಮೇಲೆ ನಡೆದು, ಸಸಿಗಳನ್ನು ಎಣಿಸಿಯೇ ತಿಳಿಯಬೇಕು.

ಆದ್ದರಿಂದ ಮುಲುಂಡಿನ ಗುಡ್ಡದ ಬಗ್ಗೆ ಮುಂದೆ ಇನ್ನೊಂದು ಜೋಡಿ ಚಿತ್ರ ನಮ್ಮ ಕಣ್ಣಿಗೆ ಬಿದ್ದಾಗ, ಒಪ್ಪುವ ಅಥವಾ ತಳ್ಳಿಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬಹುದು. ಎರಡು ಚಿತ್ರಗಳೂ ಯಾವ ತಿಂಗಳವು? ಆ ತಿಂಗಳಿನ ಎಷ್ಟು ವರ್ಷಗಳನ್ನು ನೋಡಿದ್ದಾರೆ? ಮುಟ್ಟದ ನೆಲವೊಂದನ್ನು ಸಾಕ್ಷಿಗಿಟ್ಟಿದ್ದಾರೆಯೇ? ತಾರೀಖನ್ನೇ ಬರೆಯದ ಚಿತ್ರವಾದರೆ ಅದರಿಂದ ಗುಡ್ಡದ ವಿಷಯವಾಗಿ ಏನನ್ನೂ ತೀರ್ಮಾನಿಸಲಾಗದು. ತಾರೀಖು ಇದ್ದು, ಡಿಸೆಂಬರುಗಳ ಸಾಲಿನಲ್ಲಿ ಒಂದು ಇಳಿಜಾರು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಅಲ್ಲಿಗೆ ಹೋಗಿ ನೋಡುವ ಕಾಲ ಬಂದಿದೆ ಎಂದು ತಿಳಿಯಬೇಕು.